ವಾಸನೆ ಬಾಯಿಯದೋ, ಮೂಗಿನದೋ, ಉಸಿರಿನದೋ?

(ಕಳೆದ ಭಾನುವಾರ ಸಂಜೆ ನಮ್ಮೂರಿನ ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳಿವು. ಮಾತಾಡಿದ್ದನ್ನೇ ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಕೊನೆಗೆ ಕೇಳಿದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತವರು ಆಗಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದೀರಿ. ಪರವಾಗಿಲ್ಲ, ಇಳಿಸಿ. ಹಲ್ಲಿನ ಡಾಕ್ಟರ್ ಅಂತ ಗೊತ್ತಾದರೆ ಮದುವೆಮನೆಯಲ್ಲೂ ಜನ ನನ್ನಿಂದ ಎರಡು ಹೆಜ್ಜೆ ಹಿಂದೆ ನಿಂತೇ ಮಾತಾಡುತ್ತಾರೆ.

ಬಾಯಿ ವಾಸನೆ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸರಿಯಾಗಿ ಹಲ್ಲುಜ್ಜುವವರೇ. ಉಜ್ಜದವರು ಇದನ್ನು ತಲೆಗೇ ಹಾಕಿಕೊಳ್ಳುವುದಿಲ್ಲ, ಬರುವುದೂ ಇಲ್ಲ. ಬರುವವರು ಎರಡು ಸಲ, ಮೂರು ಸಲ ಉಜ್ಜುತ್ತಾರೆ. ಮೂರು ಪೇಸ್ಟ್ ಬದಲಾಯಿಸಿರುತ್ತಾರೆ. ಜೇಬಿನಲ್ಲಿ ಏಲಕ್ಕಿ ಇರುತ್ತದೆ. "ಇಷ್ಟು ಮಾಡಿದರೂ ಹೋಗ್ತಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ, "ಹೊಟ್ಟೆಯಿಂದ ಬರ್ತಿರಬಹುದಾ?"

ಇವತ್ತು ನಾನು ಮಾತಾಡುವುದು ಅವರ ಬಗ್ಗೆ. ಉಜ್ಜಿದರೂ ಹೋಗದ ವಾಸನೆ ಎಲ್ಲಿಂದ ಬರುತ್ತದೆ, ಅದನ್ನು ಮನೆಯಲ್ಲೇ ಹೇಗೆ ಕಂಡುಹಿಡಿಯಬಹುದು, ಯಾವಾಗ ಅದು ಬಾಯಿಯ ವಿಷಯವೇ ಅಲ್ಲ.

ಮೊದಲು ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಉಳಿದ ಮಾತೆಲ್ಲ ಇದರ ಮೇಲೇ ನಿಂತಿದೆ. ಇದಕ್ಕೆ ಯಂತ್ರ ಬೇಡ, ಇನ್ನೊಬ್ಬರ ಮೂಗು ಬೇಕು. ಅಂಗೈಯನ್ನು ಬಟ್ಟಲು ಮಾಡಿಕೊಂಡು ಊದಿ ಮೂಸುತ್ತೇವಲ್ಲ, ಅದು ಉಪಯೋಗಕ್ಕೆ ಬಾರದ ಕೆಲಸ. ನಮ್ಮ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಅದಕ್ಕೇ ಮನೆಯವರು ಬೇಕು. ಹೆಂಡತಿಯೋ, ಗಂಡನೋ, ಅಕ್ಕನೋ, ಸುಳ್ಳು ಹೇಳದ ಯಾರಾದರೂ ಸರಿ.

ಹಿಂದಿನ ದಿನದಿಂದ ಬೆಳ್ಳುಳ್ಳಿ, ಹಸಿ ಈರುಳ್ಳಿ ಬೇಡ. ಎಲೆ ಅಡಿಕೆ ಬೇಡ. ಉಜ್ಜಿ, ತಿಂಡಿ ತಿಂದು, ಎರಡು ಗಂಟೆ ಕಳೆದ ಮೇಲೆ ಮಾಡಿ. ಮೊದಲು ತುಟಿ ಬಿಗಿಯಾಗಿ ಮುಚ್ಚಿ ಮೂಗಿನಿಂದ ಮೆಲ್ಲಗೆ ಉಸಿರು ಬಿಡಿ. ಒಂದು ಗೇಣು ದೂರದಲ್ಲಿ ಅವರು ಮೂಸಲಿ. ಆಮೇಲೆ ಬಾಯಿ ಮುಚ್ಚಿಕೊಂಡು ಒಂದು ನಿಮಿಷ ಸುಮ್ನೆ ಕೂತಿರಿ. ನಂತರ ಮೂಗು ಹಿಡಿದುಕೊಂಡು ಬಾಯಿಂದ ಉಸಿರು ಬಿಡಿ. ಅದನ್ನೂ ಅವರು ಮೂಸಲಿ.

ಬಾಯಿಂದ ಬಿಟ್ಟಾಗ ಮಾತ್ರ ವಾಸನೆ ಬಂದರೆ ಅದು ಬಾಯಿಯದು ಅಥವಾ ಗಂಟಲಿನದು. ಮೂಗಿನಿಂದ ಬಿಟ್ಟಾಗ ಮಾತ್ರ ಬಂದರೆ ಮೂಗಿನದು ಅಥವಾ ಸೈನಸ್‌ನದು. ಎರಡರಲ್ಲೂ ಒಂದೇ ಸಮ ಬಂದರೆ ವಾಸನೆ ಉಸಿರಿನಲ್ಲೇ ಇದೆ. ಅಂದರೆ ಶ್ವಾಸಕೋಶದಿಂದ, ಇಲ್ಲವೇ ರಕ್ತದಿಂದ ಶ್ವಾಸಕೋಶಕ್ಕೆ ಬಂದು ಹೊರಗೆ ಹೋಗುತ್ತಿದೆ. ಮೂರು ಬಾಗಿಲು ಅಂತ ಇಟ್ಟುಕೊಳ್ಳಿ.

ಮೊದಲ ಬಾಗಿಲ ಮುಂದೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಆದರೆ ಹತ್ತು ಜನರಲ್ಲಿ ಎಂಟು ಒಂಬತ್ತು ಜನರದು ಅಲ್ಲಿಯದೇ ಅನ್ನುವುದು ನೆನಪಿರಲಿ. ಹಲ್ಲು ಉಜ್ಜುವವರಲ್ಲೂ ಹಾಗೇ. ಯಾಕೆಂದರೆ ಬ್ರಷ್ ಹಲ್ಲನ್ನು ಮುಟ್ಟುತ್ತದೆ, ವಾಸನೆ ಹುಟ್ಟುವುದು ಹಲ್ಲಿನ ಮೇಲಲ್ಲ.

ನಾಲಿಗೆಯ ಹಿಂಭಾಗ ನೋಡಿದ್ದೀರಾ? ಕನ್ನಡಿ ಮುಂದೆ ನಿಂತು ನಾಲಿಗೆ ಪೂರ್ತಿ ಹೊರಚಾಚಿದರೆ ಕಾಣುತ್ತದೆ. ಅಲ್ಲಿ ಒಂದು ಬೆಳ್ಳಗಿನ, ಕೆಲವರಿಗೆ ಹಳದಿ ಪದರ ಇರುತ್ತದೆ. ಹಳೇ ಕಂಬಳಿಯ ಹಾಗೆ. ಬಾಯಿಯೊಳಗೆ ಉದುರಿದ ಚರ್ಮದ ಕಣ, ಊಟದ ಪುಡಿ, ಮೂಗಿನ ಹಿಂದಿನಿಂದ ಇಳಿದ ಸಿಂಬಳ ಎಲ್ಲ ಸೇರಿ ಅಲ್ಲಿ ಕೂತಿರುತ್ತವೆ. ಅದರ ಅಡಿಯಲ್ಲಿ ಗಾಳಿ ತಾಗದ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾಗಳಿವೆ. ಅವು ಪ್ರೋಟೀನನ್ನು ಒಡೆದು ತಿನ್ನುತ್ತವೆ, ಗಂಧಕ ಸೇರಿದ ಅನಿಲಗಳನ್ನು ಬಿಡುತ್ತವೆ. ಒಂದಕ್ಕೆ ಕೊಳೆತ ಮೊಟ್ಟೆಯ ವಾಸನೆ, ಹೈಡ್ರೋಜನ್ ಸಲ್ಫೈಡ್ ಅಂತ ಹೆಸರು. ಇನ್ನೊಂದಕ್ಕೆ ಕೊಳೆತ ಕೋಸಿನ ವಾಸನೆ, ಅದು ಮೀಥೈಲ್ ಮರ್ಕ್ಯಾಪ್ಟನ್. ಬಾಯಿ ವಾಸನೆ ಅಂದರೆ ಮುಖ್ಯವಾಗಿ ಈ ಎರಡೇ.

ಒಂದು ಪ್ಲಾಸ್ಟಿಕ್ ಚಮಚದಿಂದ ಆ ಹಿಂಭಾಗವನ್ನು ಮೆಲ್ಲಗೆ ಕೆರೆದು, ಐದು ಸೆಕೆಂಡ್ ಬಿಟ್ಟು ಮೂಸಿ ನೋಡಿ. ಇದನ್ನು ನಿಮ್ಮ ಮೂಗೇ ಹಿಡಿಯುತ್ತದೆ. ಅದೇ ಹಾಗೆ ಒಂದು ನೂಲನ್ನು ದವಡೆ ಹಲ್ಲುಗಳ ನಡುವೆ ಎಳೆದು ಮೂಸಿ. ಚಮಚ ನಾತ ಹೊಡೆದರೆ ನಾಲಿಗೆ. ನೂಲು ನಾತ ಹೊಡೆದು ಅದರಲ್ಲಿ ರಕ್ತವೂ ಕಂಡರೆ ವಸಡು. ವಸಡಿನ ಒಳಗೆ ಹಲ್ಲಿನ ಬೇರಿನುದ್ದಕ್ಕೆ ಆಳದ ಸಂದು ಆಗಿಬಿಟ್ಟಿದ್ದರೆ ಅಲ್ಲಿಗೆ ಯಾವ ಬ್ರಷ್ಷೂ ಹೋಗುವುದಿಲ್ಲ, ನಮ್ಮಲ್ಲಿ ಬಂದು ಕ್ಲೀನ್ ಮಾಡಿಸಲೇಬೇಕು. ನಾಲಿಗೆಯದಾದರೆ ನಮ್ಮ ಅಜ್ಜಿಯರ ಕಾಲದ ನಾಲಿಗೆ ಕೆರೆಯುವ ಪಟ್ಟಿ ಸಾಕು. ತಾಮ್ರದ್ದೋ ಸ್ಟೀಲಿನದೋ, ಯಾವುದಾದರೂ ಸರಿ. ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಸಲ, ಹಗುರವಾಗಿ. ಎಷ್ಟೋ ಜನ ಮುಂದಿನ ಅರ್ಧ ಮಾತ್ರ ರಕ್ತ ಬರುವ ಹಾಗೆ ಕೆರೆಯುತ್ತಾರೆ. ಕೊಳೆ ಇರುವುದು ಹಿಂದೆ.

ಇನ್ನೊಂದು ಮಾತು ಎಂಜಲಿನದು. ಬಾಯನ್ನು ದಿನವಿಡೀ ತೊಳೆಯುವುದು ಅದೇ. ರಾತ್ರಿ ಅದು ಊರುವುದು ಬಹಳ ಕಡಿಮೆ, ಅದಕ್ಕೇ ಬೆಳಗ್ಗೆ ಎಲ್ಲರ ಬಾಯೂ ವಾಸನೆ. ಅದು ಕಾಯಿಲೆ ಅಲ್ಲ. ಆದರೆ ಹಗಲಿನಲ್ಲೂ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟುತ್ತಿದ್ದರೆ ನೀವು ನುಂಗುತ್ತಿರುವ ಮಾತ್ರೆಗಳ ಪಟ್ಟಿ ತೆಗೆಯಿರಿ. ಶೀತ ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಪದೇ ಪದೇ ಮೂತ್ರ ಬರುವುದನ್ನು ತಡೆಯಲು ಕೊಡುವ ಮಾತ್ರೆ, ಬಿಪಿಗೆ ಕೊಡುವ ನೀರು ಇಳಿಸುವ ಮಾತ್ರೆ, ಇವೆಲ್ಲ ಬಾಯಿ ಒಣಗಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಹೇಳಿ, ಬದಲಿ ಇರುತ್ತದೆ.

ಗಂಟಲಿನಿಂದ ಆಗೊಮ್ಮೆ ಈಗೊಮ್ಮೆ ಅಕ್ಕಿ ನುಚ್ಚಿನಂಥ ಬಿಳಿ ಚೂರು ಕೆಮ್ಮಿದಾಗ ಬಂದು, ಅದನ್ನು ಬೆರಳಲ್ಲಿ ಹಿಸುಕಿದರೆ ತಡೆಯಲಾರದ ನಾತ ಬರುತ್ತದೆಯೇ? ಅದು ಟಾನ್ಸಿಲ್‌ನ ಗುಳಿಗಳಲ್ಲಿ ಕಟ್ಟಿದ ಕಲ್ಲು. ಹೆದರುವಂಥದ್ದಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಗಂಟಲಿಗೆ ತಾಗುವ ಹಾಗೆ ಮುಕ್ಕಳಿಸಿ. ಪಿನ್ನು, ಕಡ್ಡಿ ಹಾಕಿ ಕೀಳಲು ಹೋಗಬೇಡಿ.

ಮೊದಲ ಬಾಗಿಲು ಇಷ್ಟು. ಈಗ ಎರಡನೆಯದು, ಮೂಗು. ಇಲ್ಲಿ ನನ್ನದೇ ಒಂದು ತಪ್ಪಿನ ಕಥೆ ಹೇಳಬೇಕು.

ಟೈಲರಿಂಗ್ ಮಾಡುವ ಒಬ್ಬರು, ನಲವತ್ತೆಂಟು ವಯಸ್ಸು. ಬಾಯಿ ವಾಸನೆ ಅಂತ ಬಂದರು. ಅಳತೆ ತೆಗೆಯುವಾಗ ಗಿರಾಕಿಗಳ ಹತ್ತಿರ ನಿಲ್ಲಬೇಕಲ್ಲ, ಅವರಿಗೆ ಅದೇ ಸಂಕಟ. ಅಳತೆ ತೆಗೆಯುವ ಕೆಲಸ ಪೂರ್ತಿ ಮಗಳಿಗೆ ಬಿಟ್ಟುಬಿಟ್ಟಿದ್ದರು. ಬಾಯಿ ನೋಡಿದೆ. ಸ್ವಲ್ಪ ಪಾಚಿ ಇತ್ತು, ಕ್ಲೀನ್ ಮಾಡಿದೆ. ನಾಲಿಗೆ ಕೆರೆಯಲು ಹೇಳಿದೆ. ಕಳಿಸಿದೆ.

ಎಂಟು ತಿಂಗಳ ಮೇಲೆ ಮತ್ತೆ ಬಂದರು. ಅಷ್ಟರಲ್ಲಿ ಯಾರೋ "ಗ್ಯಾಸ್ಟ್ರಿಕ್ ಇರ್ಬೇಕು" ಅಂದು, ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಶುರುವಾಗಿತ್ತು. ಜೊತೆಗೆ ಜೀರಿಗೆ ಕಷಾಯ. ಏನೂ ಕಡಿಮೆ ಆಗಿರಲಿಲ್ಲ. ಈ ಸಲ ಅವರು ಒಂದು ಮಾತು ಹೇಳಿದರು. "ನನಗೇ ವಾಸನೆ ಬರುತ್ತೆ ಸರ್. ಬಗ್ಗಿ ಕೆಳಗಿನ ಬಟ್ಟೆ ಎತ್ತಿಕೊಂಡ್ರೆ ಸಾಕು, ಏನೋ ಗಂಟಲಿಗಿಳಿದ ಹಾಗಾಗುತ್ತೆ. ಬಾಯೆಲ್ಲ ಕೆಟ್ಟ ರುಚಿ."

ಈ ಮಾತಿನಲ್ಲೇ ಉತ್ತರ ಇತ್ತು. ಬಾಯಿ ವಾಸನೆ ಇರುವವರಿಗೆ ಸಾಮಾನ್ಯವಾಗಿ ತಮಗೆ ಗೊತ್ತಾಗುವುದಿಲ್ಲ, ಬೇರೆಯವರು ಹೇಳಬೇಕು. ಇವರಿಗೆ ತಮಗೇ ಬರುತ್ತಿದೆ. ಬಗ್ಗಿದರೆ ಜಾಸ್ತಿ ಆಗುತ್ತಿದೆ. ಮೊದಲ ಸಲವೇ ಕೇಳಿದ್ದರೆ ಅವರು ಹೇಳುತ್ತಿದ್ದರೇನೋ. ನಾನು ಕೇಳಿರಲಿಲ್ಲ.

ಈಗ ಹೇಳಿದ ಪರೀಕ್ಷೆ ಮಾಡಿದೆವು. ಬಾಯಿಂದ ಬಿಟ್ಟ ಉಸಿರಿನಲ್ಲಿ ಏನೂ ಇಲ್ಲ. ಮೂಗಿನಿಂದ ಬಿಟ್ಟಾಗ ನಾತ. ಒಂದೊಂದೇ ಹೊಳ್ಳೆ ಒತ್ತಿಹಿಡಿದು ಬಿಡಿಸಿದೆ. ಬಲದ ಹೊಳ್ಳೆ ಸ್ವಚ್ಛ. ಎಡದ್ದು, ಹೇಳಬಾರದು, ಕಿಟಕಿ ತೆರೆಯಬೇಕಾಯಿತು.

ಎಡಗಡೆ ಮಾತ್ರ ಅಂದಮೇಲೆ ಎಡಗಡೆ ಮೇಲಿನ ಹಲ್ಲು ನೋಡಲೇಬೇಕು. ನಾಲ್ಕು ವರ್ಷದ ಹಿಂದೆ ಎಡ ಮೇಲಿನ ಮೊದಲ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು, ಮೇಲೆ ಕ್ಯಾಪ್ ಕೂತಿತ್ತು. ನೋವು ಒಂದು ಚೂರೂ ಇಲ್ಲ. ನೋವು ಇರಲಾರದು ಕೂಡ. ರೂಟ್ ಕೆನಾಲ್ ಅಂದರೆ ಹಲ್ಲಿನ ಒಳಗಿನ ನರವನ್ನೇ ತೆಗೆದಿರುತ್ತಾರೆ, ಇನ್ನು ಬೇರಿನ ತುದಿಯಲ್ಲಿ ಕಟ್ಟಿದ ಕೀವಿಗೆ ಮೇಲೆ ಹೋಗಲು ದಾರಿ ಸಿಕ್ಕಿದ್ದರೆ ಒತ್ತಡವೂ ಇರುವುದಿಲ್ಲ.

ಆ ದಾರಿ ಯಾವುದು ಅಂದರೆ, ಕೆನ್ನೆಯ ಮೂಳೆಯ ಹಿಂದೆ ಎರಡೂ ಕಡೆ ಒಂದೊಂದು ಗಾಳಿ ತುಂಬಿದ ಕೋಣೆ ಇದೆ. ಅದೇ ಸೈನಸ್. ಅದರ ನೆಲ ಮೇಲಿನ ದವಡೆ ಹಲ್ಲುಗಳ ಬೇರಿನ ಮೇಲೇ ಕೂತಿದೆ. ನಡುವೆ ಇರುವ ಮೂಳೆ ಹಲವರಲ್ಲಿ ಒಂದೆರಡು ಮಿಲಿಮೀಟರ್, ಕೆಲವರಲ್ಲಿ ಅಷ್ಟೂ ಇಲ್ಲ. ಬೇರಿನ ತುದಿಯ ಸೋಂಕು ಆ ಮೂಳೆಯನ್ನು ತಿಂದುಬಿಟ್ಟರೆ ಕೆಳಗಿನ ಮನೆಯ ಕೊಳೆ ಮೇಲಿನ ಮನೆಗೆ ನುಗ್ಗುತ್ತದೆ. ಅಲ್ಲಿಂದ ಮೂಗಿಗೆ, ಮೂಗಿನ ಹಿಂದಿನಿಂದ ಗಂಟಲಿಗೆ. ಹಲ್ಲಿನ ಸೋಂಕಿನ ಕೀವು ಬೇರೆ ಸೈನಸ್ ಕೀವಿಗಿಂತ ಜಾಸ್ತಿ ನಾತ, ಯಾಕೆಂದರೆ ಅದರಲ್ಲಿರುವುದು ಗಾಳಿ ಬೇಡದ ಅದೇ ಬ್ಯಾಕ್ಟೀರಿಯಾಗಳು.

ಸಣ್ಣ ಎಕ್ಸ್‌ರೇ ತೆಗೆದೆ. ಬೇರಿನ ತುದಿಯಲ್ಲಿ ಕಪ್ಪು ನೆರಳು ಇದೆಯೋ ಇಲ್ಲವೋ ಅನ್ನುವಷ್ಟಿತ್ತು. ಸಣ್ಣ ಎಕ್ಸ್‌ರೇಯಲ್ಲಿ ಒಂದರ ಮೇಲೊಂದು ಮೂಳೆ ಕಾಣುವುದರಿಂದ ಇಂಥದ್ದು ಎಷ್ಟೋ ಸಲ ತಪ್ಪಿಹೋಗುತ್ತದೆ. ಮೂರು ಆಯಾಮದ ಸ್ಕ್ಯಾನ್ ಮಾಡಿಸಿದೆವು, ನಾವು ಸಿಬಿಸಿಟಿ ಅನ್ನುತ್ತೇವೆ. ಬಲದ ಸೈನಸ್ ಕಪ್ಪಗೆ, ಅಂದರೆ ಗಾಳಿ ತುಂಬಿ ಚೆನ್ನಾಗಿತ್ತು. ಎಡದ್ದು ಅರ್ಧಕ್ಕಿಂತ ಹೆಚ್ಚು ಬೂದು ಬಣ್ಣ. ಆ ಹಲ್ಲಿನ ಒಂದು ಬೇರಿನ ಮೇಲೆ ಸೈನಸ್‌ನ ನೆಲದಲ್ಲಿ ತೂತು. ಬೇರಿಗೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಹಾಗಾಗಿ ಮತ್ತೆ ರೂಟ್ ಕೆನಾಲ್ ಮಾಡಿ ಉಳಿಸುವ ಹಾಗಿರಲಿಲ್ಲ, ಹಲ್ಲು ತೆಗೆದೆವು. ಇಎನ್‌ಟಿ ಡಾಕ್ಟರು ಮೂಗಿನೊಳಗಿನಿಂದ ಎಂಡೋಸ್ಕೋಪಿ ಕೊಳವೆ ಹಾಕಿ ಸೈನಸ್‌ನ ಬಾಯಿ ದೊಡ್ಡದು ಮಾಡಿ ತೊಳೆದರು. ಮೂರು ವಾರದಲ್ಲಿ ವಾಸನೆ ಹೋಯಿತು. ಈಗ ಅಳತೆ ಅವರೇ ತೆಗೆಯುತ್ತಾರೆ.

ಇದರಲ್ಲಿ ಗಮನಿಸಬೇಕಾದದ್ದು, ಬರೀ ಆಂಟಿಬಯಾಟಿಕ್ ನುಂಗಿದ್ದರೆ ಹತ್ತು ದಿನ ಕಡಿಮೆಯಾಗಿ ಮತ್ತೆ ಬರುತ್ತಿತ್ತು. ಹಲ್ಲು ಅಲ್ಲೇ ಇರುವ ತನಕ ಮೂಲ ಅಲ್ಲೇ. ಬರೀ ಸೈನಸ್ ತೊಳೆಸಿದ್ದರೂ ಅಷ್ಟೇ. ಸೈನಸ್ ತೊಂದರೆ ಒಂದೇ ಬದಿಯಲ್ಲಿದ್ದರೆ "ಶೀತ ಪ್ರಕೃತಿ" ಅಂತ ಬಿಡಬೇಡಿ. ಶೀತ ಎರಡೂ ಕಡೆ ಇರುತ್ತದೆ. ಒಂದೇ ಬದಿಯ ನಾತಕ್ಕೆ ಹಲ್ಲು ಕಾರಣ ಇರಬಹುದು, ಸೈನಸ್‌ನಲ್ಲಿ ಬೆಳೆದ ಶಿಲೀಂಧ್ರದ ಉಂಡೆ ಇರಬಹುದು. ಅದೇ ಬದಿಯಲ್ಲಿ ಆಗಾಗ ರಕ್ತವೂ ಬರುತ್ತಿದ್ದರೆ ಗಡ್ಡೆ ಇಲ್ಲ ಅಂತ ಖಚಿತಪಡಿಸಿಕೊಳ್ಳಬೇಕು, ತಡ ಮಾಡಬಾರದು.

ಇಲ್ಲಿ ತಾಯಂದಿರಿಗೆ ಒಂದು ಮಾತು. ಎರಡು ಮೂರು ವರ್ಷದ ಮಗುವಿನ "ಬಾಯಿ ವಾಸನೆ" ಅಂತ ಕರೆದುಕೊಂಡು ಬರುತ್ತೀರಿ. ಒಂದು ಹೊಳ್ಳೆಯಿಂದ ಮಾತ್ರ ಗಟ್ಟಿ ಸಿಂಬಳ, ಗಬ್ಬು ವಾಸನೆ ಇದ್ದರೆ ಮೂಗಿನಲ್ಲಿ ಏನೋ ಸಿಕ್ಕಿಕೊಂಡಿದೆ ಅಂತಲೇ ಮೊದಲು ಯೋಚಿಸಿ. ಹುಣಸೆ ಬೀಜ, ಮಣಿ, ಸ್ಪಂಜಿನ ಚೂರು, ಬಳಪ, ಎಲ್ಲ ಸಿಕ್ಕಿವೆ. ಮಕ್ಕಳು ಹೇಳುವುದಿಲ್ಲ, ಮರೆತೂ ಹೋಗಿರುತ್ತಾರೆ. ಮನೆಯಲ್ಲಿ ಚಿಮಟ ಹಾಕಬೇಡಿ, ಒಳಗೆ ತಳ್ಳುತ್ತೀರಿ. ಆಟಿಕೆಯ ಗುಂಡಿಯಂಥ ಬ್ಯಾಟರಿ ಹೋಗಿರುವ ಅನುಮಾನ ಇದ್ದರೆ ಅವತ್ತೇ, ಆ ಗಂಟೆಯೇ ಆಸ್ಪತ್ರೆಗೆ. ಅದು ಕೆಲವೇ ಗಂಟೆಯಲ್ಲಿ ಮೂಗಿನ ಒಳಗೋಡೆಯನ್ನು ಸುಟ್ಟು ತೂತು ಮಾಡಬಲ್ಲದು.

ಮೂರನೇ ಬಾಗಿಲಿಗೆ ಹೋಗುವ ಮೊದಲು ಹೊಟ್ಟೆಯ ಲೆಕ್ಕ ಮುಗಿಸೋಣ. ನಿಮ್ಮಲ್ಲಿ ಅರ್ಧ ಜನ ಅದಕ್ಕೇ ಕಾಯುತ್ತಿದ್ದೀರಿ.

ನಮ್ಮಲ್ಲಿ ಬಾಯಿ ವಾಸನೆ ಅಂದ ಕೂಡಲೇ ಪಿತ್ತ, ಉಷ್ಣ, ಅಜೀರ್ಣ ಅನ್ನುತ್ತೇವೆ. ಆದರೆ ಬಾಯಿ ಮತ್ತು ಹೊಟ್ಟೆಯ ನಡುವೆ ತೆರೆದ ಚಿಮಣಿ ಇಲ್ಲ. ಅನ್ನನಾಳ ಅಂದರೆ ಗಾಳಿ ಬಿಟ್ಟ ಸೈಕಲ್ ಟ್ಯೂಬಿನ ಹಾಗೆ, ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ಮೇಲೊಂದು, ಕೆಳಗೊಂದು ಮುಚ್ಚಳ. ನುಂಗುವಾಗ, ತೇಗುವಾಗ, ವಾಂತಿ ಬಂದಾಗ ಮಾತ್ರ ತೆರೆದುಕೊಳ್ಳುತ್ತವೆ. ತೇಗಿದಾಗ ಒಂದು ಕ್ಷಣ ಮೂಲಂಗಿ ಸಾರಿನ ವಾಸನೆ ಬಂದೀತು, ಅದು ಹೋಗಿಬಿಡುತ್ತದೆ. ದಿನವಿಡೀ ನಿಲ್ಲುವ ವಾಸನೆ ಹೊಟ್ಟೆಯಿಂದ ಬರುವುದು ಬಹಳ ಅಪರೂಪ. ಹುಳಿ ನೀರು ಗಂಟಲಿನವರೆಗೆ ಬರುವವರಲ್ಲಿ ಸ್ವಲ್ಪ ಪಾಲು ಇರಬಹುದು, ಅಂಥವರಲ್ಲಿ ಹಲವರಿಗೆ ಎದೆಯುರಿಯೂ ಇರುತ್ತದೆ. ಎದೆಯುರಿ ಇಲ್ಲ, ಹುಳಿ ತೇಗಿಲ್ಲ, ಬಾಯಿ ವಾಸನೆ ಮಾತ್ರ ಅನ್ನುವವರು ತಿಂಗಳಾನುಗಟ್ಟಲೆ ಗ್ಯಾಸ್ ಮಾತ್ರೆ ನುಂಗುವುದರಲ್ಲಿ ಅರ್ಥವಿಲ್ಲ.

ಈಗ ರಕ್ತದ ದಾರಿ. ಇದನ್ನು ಅರ್ಥ ಮಾಡಿಕೊಳ್ಳಲು ಬೆಳ್ಳುಳ್ಳಿಗಿಂತ ಒಳ್ಳೆ ಮೇಷ್ಟ್ರಿಲ್ಲ. ಬೆಳ್ಳುಳ್ಳಿ ಚಟ್ನಿ ತಿಂದಿರಿ. ಉಜ್ಜಿದಿರಿ, ನಾಲಿಗೆ ಕೆರೆದಿರಿ. ಬಾಯಿಯಲ್ಲಿ ಹುಟ್ಟಿದ ವಾಸನೆ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಆದರೂ ಸಂಜೆ ಹೆಂಡತಿ "ಬೆಳ್ಳುಳ್ಳಿ ತಿಂದ್ರಾ?" ಅಂತ ಕೇಳುತ್ತಾಳೆ. ಬೆಳ್ಳುಳ್ಳಿಯಿಂದ ಹುಟ್ಟುವ ಅಲೈಲ್ ಮೀಥೈಲ್ ಸಲ್ಫೈಡ್ ಅನ್ನುವ ಅನಿಲವನ್ನು ಕರುಳೂ ಲಿವರೂ ಬೇಗ ಒಡೆಯಲಾರವು. ಅದು ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಬಂದು, ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ಬೆಳ್ಳುಳ್ಳಿ ತಿಂದವರು ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟರೂ ವಾಸನೆ. ಪೇಸ್ಟಿಗೆ ಇಲ್ಲಿ ಕೆಲಸವೇ ಇಲ್ಲ.

ಬೆಳ್ಳುಳ್ಳಿ ಹೋದ ದಾರಿಯಲ್ಲೇ ಕಾಯಿಲೆಯ ವಾಸನೆಯೂ ಹೋಗುತ್ತದೆ. ಅದರಲ್ಲಿ ಒಂದನ್ನು ಮಾತ್ರ ನೀವೆಲ್ಲ ಗುರುತಿಸಲು ಕಲಿಯಬೇಕು, ಯಾಕೆಂದರೆ ಅಲ್ಲಿ ಸಮಯ ಗಂಟೆಗಳಲ್ಲಿ ಓಡುತ್ತದೆ.

ನಮ್ಮ ಪರಿಚಯದ ಮನೆಯ ಹುಡುಗ, ಪಿಯುಸಿ ಓದುತ್ತಿದ್ದ. ಒಂದು ತಿಂಗಳಿಂದ ಇಳಿದುಹೋಗಿದ್ದ, ಪರೀಕ್ಷೆಯ ಒತ್ತಡ ಅಂದುಕೊಂಡಿದ್ದರು. ರಾತ್ರಿ ಮೂರು ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದ, ಹಾಸಿಗೆ ಪಕ್ಕ ಚೊಂಬು ನೀರು ಇಟ್ಟುಕೊಳ್ಳುತ್ತಿದ್ದ. ಒಂದು ದಿನ ಹೊಟ್ಟೆನೋವು, ವಾಂತಿ. ಹೊರಗಡೆ ಏನೋ ತಿಂದಿದ್ದಾನೆ ಅಂತ ಮನೆಮದ್ದು ಕೊಟ್ಟರು. ಅವನ ಅಜ್ಜಿ ಪಕ್ಕ ಕೂತು ತಲೆ ಸವರುತ್ತಿದ್ದವರು ಹೇಳಿದರಂತೆ, "ಇವನ ಉಸಿರು ಅತಿಯಾಗಿ ಹಣ್ಣಾದ ಬಾಳೆಹಣ್ಣಿನ ಹಾಗಿದೆಯಲ್ಲೇ." ಮೊಮ್ಮಗಳು ಬಂದು ಮೂಸಿ, "ಇಲ್ಲ ಅಜ್ಜಿ, ನೇಲ್ ಪಾಲಿಶ್ ಒರೆಸೋ ನೀರಿನ ಹಾಗೆ" ಅಂದಳು. ಇಬ್ಬರೂ ಸರಿ. ಮಲಗಿದ್ದವನು ಓಡಿಬಂದವನ ಹಾಗೆ ಆಳವಾಗಿ, ಜೋರಾಗಿ ಉಸಿರಾಡುತ್ತಿದ್ದ. ಆಸ್ಪತ್ರೆಯಲ್ಲಿ ನೋಡಿದರೆ ಶುಗರ್ 480. ಐಸಿಯುನಲ್ಲಿ ಮೂರು ದಿನ ಇದ್ದು ಉಳಿದುಕೊಂಡ.

ಆಗಿದ್ದಿಷ್ಟು. ದೇಹದಲ್ಲಿ ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟು ಸಕ್ಕರೆ ಇದ್ದರೂ ಜೀವಕೋಶಗಳಿಗೆ ಸಿಗುವುದಿಲ್ಲ. ಕಣಜ ತುಂಬಿದೆ, ಬೀಗದ ಕೈ ಇಲ್ಲ. ಆಗ ದೇಹ ಕೊಬ್ಬನ್ನು ಕರಗಿಸಲು ಶುರುಮಾಡುತ್ತದೆ, ಕೀಟೋನ್‌ಗಳು ಹುಟ್ಟುತ್ತವೆ. ಅವು ರಕ್ತವನ್ನು ಹುಳಿ ಮಾಡುತ್ತವೆ. ಆ ಹುಳಿಯನ್ನು ಹೊರಹಾಕಲು ಉಸಿರು ಜೋರಾಗುತ್ತದೆ. ಕೀಟೋನ್‌ಗಳಲ್ಲಿ ಒಂದು ಅಸಿಟೋನ್, ಅದು ಹಗುರ, ಉಸಿರಿನಲ್ಲಿ ಹೊರಬರುತ್ತದೆ. ನೇಲ್ ಪಾಲಿಶ್ ಒರೆಸುವ ದ್ರವದಲ್ಲಿರುವುದೂ ಅಸಿಟೋನೇ.

ಹಾಗಂತ ಏಕಾದಶಿ ಉಪವಾಸದ ದಿನ ಈ ವಾಸನೆ ಸ್ವಲ್ಪ ಬಂದರೆ ಗಾಬರಿಯಾಗಬೇಡಿ. ಉಪವಾಸದಲ್ಲೂ ಕೊಬ್ಬು ಕರಗುತ್ತದೆ, ಅನ್ನ ಚಪಾತಿ ಪೂರ್ತಿ ಬಿಟ್ಟು ತೂಕ ಇಳಿಸುವವರಲ್ಲೂ ಅಷ್ಟೇ. ಅವರಿಗೆ ಇನ್ಸುಲಿನ್ ಇದೆ, ಅದು ಕೀಟೋನನ್ನು ಹದ್ದು ಮೀರಲು ಬಿಡುವುದಿಲ್ಲ. ವಾಸನೆಯ ಜೊತೆ ವಾಂತಿ, ಹೊಟ್ಟೆನೋವು, ಜೋರು ಉಸಿರು, ಮಂಪರು, ಇವುಗಳಲ್ಲಿ ಏನೇ ಇದ್ದರೂ ಅದು ಬೇರೆ ಮಾತು. ಬೆಳಗಾಗಲಿ ಅಂತ ಕಾಯಬಾರದು.

ಇಲ್ಲಿ ಎರಡು ಎಚ್ಚರಿಕೆ. ಅಸಿಟೋನ್ ವಾಸನೆ ಹಿಡಿಯಲು ಎಲ್ಲರ ಮೂಗಿಗೂ ಆಗುವುದಿಲ್ಲ. ಡಾಕ್ಟರುಗಳಲ್ಲೂ ಕೆಲವರಿಗೆ ಗೊತ್ತಾಗದು. ವಾಸನೆ ಇಲ್ಲ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅನ್ನಬೇಡಿ. ಇನ್ನೊಂದು, ಶುಗರ್‌ಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆ ತೆಗೆದುಕೊಳ್ಳುವವರು ಈಗ ಬಹಳ ಜನ ಇದ್ದಾರೆ. ಒಳ್ಳೆಯ ಮಾತ್ರೆಗಳೇ. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹಾಗಾಗಿ ಅವರಿಗೆ ಅಪರೂಪಕ್ಕೆ ಈ ಕೀಟೋನ್ ತೊಂದರೆ ಬಂದಾಗ ಶುಗರ್ 250ಕ್ಕಿಂತ ಕೆಳಗೇ ಕಾಣಬಹುದು. "ಶುಗರ್ ಪರವಾಗಿಲ್ಲ" ಅಂತ ಮನೆಯಲ್ಲೇ ಉಳಿದುಬಿಡುತ್ತಾರೆ. ಜ್ವರ, ವಾಂತಿ, ಊಟ ಸೇರದ ದಿನಗಳಲ್ಲಿ, ಆಪರೇಷನ್ ಮುಂಚೆ ಈ ಮಾತ್ರೆ ಮುಂದುವರಿಸಬೇಕೇ ಅಂತ ಡಾಕ್ಟರನ್ನು ಕೇಳಿ, ಆಸ್ಪತ್ರೆಗೆ ಹೋದರೆ ಮಾತ್ರೆಯ ಹೆಸರು ಹೇಳಿ ಕೀಟೋನ್ ಪರೀಕ್ಷೆಯನ್ನೂ ಮಾಡಿಸಿ.

ಕಿಡ್ನಿ, ಲಿವರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಿಡ್ನಿ ತುಂಬಾ ಸೋತಾಗ ಯೂರಿಯಾ ಎಂಜಲಿಗೂ ಬರುತ್ತದೆ, ಬಾಯಿಯ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ಮೂತ್ರದ ವಾಸನೆ, ಬಾಯಿಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಡಯಾಲಿಸಿಸ್ ಆದಮೇಲೆ ಕಡಿಮೆ ಆಗುತ್ತದೆ. ಲಿವರ್ ಸೋತಾಗ ಸಿಹಿ ಬೆರೆತ ಮುಗ್ಗಲು ವಾಸನೆ ಬರುತ್ತದೆ. ಆದರೆ ಇವೆರಡೂ ಮೊದಲ ಸೂಚನೆಗಳಲ್ಲ. ಆ ಹೊತ್ತಿಗೆ ಕಾಲು ಊದಿರುತ್ತದೆ, ಕಣ್ಣು ಹಳದಿ ಆಗಿರುತ್ತದೆ, ಹೊಟ್ಟೆ ಉಬ್ಬಿರುತ್ತದೆ, ಮನುಷ್ಯ ಸುಸ್ತಾಗಿರುತ್ತಾನೆ. ಗಟ್ಟಿಮುಟ್ಟಾಗಿ ಓಡಾಡುತ್ತಾ, ಬಾಯಿ ವಾಸನೆ ಮಾತ್ರ ಇದೆ ಅನ್ನುವವರು ಇಂಟರ್ನೆಟ್ ನೋಡಿ ಲಿವರ್ ಟೆಸ್ಟ್ ಮಾಡಿಸುತ್ತಾರೆ. ಆ ದುಡ್ಡಲ್ಲಿ ವಸಡು ಕ್ಲೀನ್ ಮಾಡಿಸಬಹುದಿತ್ತು.

ಶ್ವಾಸಕೋಶದಲ್ಲಿ ಕೀವು ಕಟ್ಟಿದರೂ ಉಸಿರು ನಾತ ಬರುತ್ತದೆ. ಅದರಲ್ಲಿ ಕೆಮ್ಮು, ಜ್ವರ, ನಾತ ಹೊಡೆಯುವ ಕಫ ಇರುತ್ತದೆ. ಕುಡಿದು ಪ್ರಜ್ಞೆ ತಪ್ಪಿದವರಲ್ಲಿ, ಫಿಟ್ಸ್ ಬಂದವರಲ್ಲಿ ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದು ಹೀಗಾಗುವುದು ಹೆಚ್ಚು.

ಇನ್ನು ಏನೇ ಪರೀಕ್ಷೆ ಮಾಡಿದರೂ ಸಿಗದೆ, ಬಾಯಿಂದಲೂ ಮೂಗಿನಿಂದಲೂ ಒಂದೇ ಸಮ ಕೊಳೆತ ಕೋಸಿನ ವಾಸನೆ ಬರುವ ಕೆಲವರಿದ್ದಾರೆ. ಅವರನ್ನು ವರ್ಷಗಟ್ಟಲೆ "ಸರಿಯಾಗಿ ಉಜ್ಜಿ" ಅಂತ ಬೈದು ಕಳಿಸುತ್ತಿದ್ದೆವು. 2018ರಲ್ಲಿ ಗೊತ್ತಾಯಿತು, ಇಂಥ ಕೆಲವು ಕುಟುಂಬಗಳಲ್ಲಿ SELENBP1 ಅನ್ನುವ ಒಂದು ಜೀನ್ ಕೆಟ್ಟಿದೆ. ಗಂಧಕದ ಒಂದು ಅನಿಲವನ್ನು ಒಡೆಯುವ ಕಿಣ್ವ ಅವರಲ್ಲಿ ಕೆಲಸ ಮಾಡುವುದಿಲ್ಲ. ಪಾಪ, ಅವರ ಬ್ರಷ್ಷಿನ ತಪ್ಪೇನೂ ಇರಲಿಲ್ಲ. ಬಹಳ ಅಪರೂಪ ಇದು, ಆದರೂ ಹೇಳಬೇಕು ಅನ್ನಿಸಿತು.

ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಯುವಕ: "ಸರ್, ನನಗೆ ವಾಸನೆ ಬರುತ್ತೆ ಅಂತ ನನಗೆ ಖಚಿತ. ಜನ ಮೂಗು ಮುಟ್ಟಿಕೊಳ್ತಾರೆ, ಮುಖ ತಿರುಗಿಸ್ತಾರೆ. ಆದ್ರೆ ಮನೆಯವರು ಇಲ್ಲ ಅಂತಾರೆ."

ಮನೆಯವರು ಎಷ್ಟು ಜನ ಮೂಸಿದ್ದಾರೆ? ತಾಯಿ, ತಮ್ಮ, ಒಬ್ಬ ಗೆಳೆಯ. ಮೂವರೂ ಬೇರೆ ಬೇರೆ ದಿನ? ಹಾಗಿದ್ದರೆ ನಿಮ್ಮ ಉಸಿರು ಚೆನ್ನಾಗಿದೆ. ಜನ ದಿನಕ್ಕೆ ನೂರು ಸಲ ಮೂಗು ಮುಟ್ಟಿಕೊಳ್ಳುತ್ತಾರೆ, ನೀವೂ ಈಗ ಮುಟ್ಟಿಕೊಂಡಿರಿ. ಇದು ಹಾಸ್ಯವಲ್ಲ. ಈ ಭಯ ಹಿಡಿದು ಕಾಲೇಜು ಬಿಟ್ಟವರನ್ನು ನೋಡಿದ್ದೇನೆ. ಒಮ್ಮೆ ನನ್ನ ಹತ್ತಿರ ಬನ್ನಿ, ನಾನೂ ಮೂಸುತ್ತೇನೆ. ಇಲ್ಲ ಅಂದರೆ ಇನ್ನೊಬ್ಬ ಡಾಕ್ಟರನ್ನು ಪರಿಚಯಿಸುತ್ತೇನೆ, ಈ ಯೋಚನೆ ಬಿಡದೆ ಕಾಡುವುದಕ್ಕೂ ಚಿಕಿತ್ಸೆ ಇದೆ. ಅಲ್ಲಿಯವರೆಗೆ ದಿನಕ್ಕೆ ಎಂಟು ಸಲ ಮೌತ್‌ವಾಶ್ ಹಾಕುವುದು ನಿಲ್ಲಿಸಿ, ಅದೇ ಬಾಯಿ ಒಣಗಿಸುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು, ಎಪ್ಪತ್ತು ದಾಟಿರಬೇಕು: "ಹೊಟ್ಟೆಯಿಂದ ಬರಲ್ಲ ಅಂದ್ರಿ. ನನಗೆ ರಾತ್ರಿ ಉಂಡ ಅನ್ನ ಬೆಳಗ್ಗೆ ಬಗ್ಗಿ ಮುಖ ತೊಳೆಯುವಾಗ ಬಾಯಿಗೆ ಬರುತ್ತೆ. ಅಗುಳು ಅಗುಳಾಗಿ, ಹಾಗೇ. ಹುಳಿ ಇರಲ್ಲ. ಆವಾಗಲೇ ವಾಸನೆ ಜಾಸ್ತಿ."

ಯಜಮಾನರೇ, ಹುಳಿ ಇಲ್ಲ ಅಂದಿರಲ್ಲ, ಅದು ಮುಖ್ಯ. ಹೊಟ್ಟೆ ಮುಟ್ಟಿ ಬಂದ ಅನ್ನ ಹುಳಿ ಇರುತ್ತದೆ, ರೂಪವೂ ಕೆಟ್ಟಿರುತ್ತದೆ. ಇದು ಹೊಟ್ಟೆಗೆ ಇಳಿದೇ ಇಲ್ಲ. ನೀರು ಕುಡಿದರೆ ಕತ್ತಿನಲ್ಲಿ ಗುಳುಗುಳು ಸದ್ದು ಬರುತ್ತದೆಯೇ? ರಾತ್ರಿ ಮಲಗಿದಾಗ ಕೆಮ್ಮು? ("ಬರುತ್ತೆ, ದಿಂಬೂ ಒದ್ದೆಯಾಗುತ್ತೆ.") ವಯಸ್ಸಾದವರಲ್ಲಿ ಕೆಲವೊಮ್ಮೆ ಗಂಟಲಿನ ಕೆಳಗೆ, ಅನ್ನನಾಳ ಶುರುವಾಗುವ ಜಾಗದ ಹಿಂಗೋಡೆ ಬಲ ಕಳೆದುಕೊಂಡು ಚೀಲದ ಹಾಗೆ ಹೊರಕ್ಕೆ ಉಬ್ಬುತ್ತದೆ. ಉಂಡದ್ದು ಅದರಲ್ಲಿ ಉಳಿದು ಕೊಳೆಯುತ್ತದೆ. ನಿಮ್ಮದು ಅದೇ ಇರಬಹುದು. ಆಪರೇಷನ್‌ನಿಂದ ಸರಿಯಾಗುತ್ತದೆ.

"ಗುರುವಾರ ಎಂಡೋಸ್ಕೋಪಿಗೆ ಬರೆದುಕೊಟ್ಟಿದ್ದಾರೆ, ಗ್ಯಾಸ್ಟ್ರಿಕ್ ಅಂತ."

ಹಾಗಾದರೆ ಗುರುವಾರಕ್ಕೆ ಮೊದಲೇ ಹೋಗಿ, ಈಗ ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿ. ಅಗುಳು ಹಾಗೇ ಬರುವುದು, ಗುಳುಗುಳು ಸದ್ದು, ದಿಂಬು ಒದ್ದೆಯಾಗುವುದು, ಮೂರನ್ನೂ. ಕೊಳವೆ ಗೊತ್ತಿಲ್ಲದೆ ಆ ಚೀಲದೊಳಗೆ ಹೊಕ್ಕರೆ ಅದರ ತೆಳು ಗೋಡೆ ತೂತಾಗುವ ಅಪಾಯ ಇದೆ. ಮೊದಲು ಬೇರಿಯಂ ಅನ್ನುವ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ, ಅದರಲ್ಲಿ ಚೀಲ ಇದ್ದರೆ ಕಾಣುತ್ತದೆ. ಒಂದು ಚೀಟಿ ಬರೆದುಕೊಡುತ್ತೇನೆ, ಹೋಗುವಾಗ ಅದನ್ನೇ ಕೈಗೆ ಕೊಡಿ.